ಪ್ಯಾನ್ ಇಲ್ಲವೆಂದು ₹1,12,000 ನಗದು ಜಮೆ ನಿರಾಕರಿಸಿದ ಬಗ್ಗೆ ದೂರು

ದಿನಾಂಕ: 07-02-2025

ಇವರಿಗೆ,
ಶಾಖಾ ವ್ಯವಸ್ಥಾಪಕರು

ಪ್ರತಿ: ಬ್ಯಾಂಕಿನ ಗ್ರಾಹಕರ ಕುಂದುಕೊರತೆ ವಿಭಾಗ

ವಿಷಯ: ಫಾರಂ 60 ಸ್ವೀಕರಿಸದೆ ಉಳಿತಾಯ ಖಾತೆಗೆ ನಗದು ಜಮೆ ನಿರಾಕರಿಸಿದ್ದು

ಮಾನ್ಯರೇ,

ತಮ್ಮ ಶಾಖೆಯ ಖಾತೆದಾರರಾದ, ತಿಪಟೂರು ತಾಲ್ಲೂಕಿನ 68 ವರ್ಷದ ರೈತ ಮಹಿಳೆಯೊಬ್ಬರ ಪರವಾಗಿ ಈ ದೂರು ಸಲ್ಲಿಸುತ್ತಿದ್ದೇವೆ. ಅವರ ಒಪ್ಪಿಗೆ ಪತ್ರ ಲಗತ್ತಿಸಿದೆ. ಉಂಡೆ ಕೊಬ್ಬರಿ ಮಾರಿ ಬಂದ ₹1,12,000 ನಗದನ್ನು 05-02-2025ರಂದು ಜಮೆ ಮಾಡಲು ಅವರು ಕೌಂಟರಿಗೆ ಬಂದರು. ಅವರಿಗೆ ಪ್ಯಾನ್ ಇಲ್ಲ. ಫಾರಂ 60 ಕೊಡಿ, ತುಂಬಿಕೊಡುತ್ತೇವೆ ಎಂದು ಜೊತೆಗಿದ್ದ ಮಗ ಕೇಳಿದಾಗ "ಅದೆಲ್ಲ ಈಗ ನಡೆಯಲ್ಲ, ದಿನಕ್ಕೆ ನಲವತ್ತೊಂಬತ್ತು ಸಾವಿರದಂತೆ ಮೂರು ದಿನ ಕಟ್ಟಿ, ಇಲ್ಲವೆಂದರೆ ನಿಮ್ಮ ಪ್ಯಾನ್ ಹಾಕಿ" ಎಂಬ ಉತ್ತರ ಬಂತು. ನಿರಾಕರಣೆಯಷ್ಟೇ ಅಲ್ಲ, ಕೊಟ್ಟ ಎರಡೂ ಸಲಹೆಗಳು ತಪ್ಪು. ಯಾಕೆಂದು ವಿವರವಾಗಿಯೇ ಬರೆಯುತ್ತೇವೆ.

ಆದಾಯ ತೆರಿಗೆ ನಿಯಮಗಳು, 1962ರ ನಿಯಮ 114ಬಿ ಪ್ರಕಾರ, ಬ್ಯಾಂಕಿನಲ್ಲಾಗಲಿ ಅಂಚೆ ಕಚೇರಿಯಲ್ಲಾಗಲಿ ಒಂದು ದಿನದಲ್ಲಿ ₹50,000 ಮೀರಿ ನಗದು ಜಮೆ ಮಾಡುವವರು ಪ್ಯಾನ್ ನಮೂದಿಸಬೇಕು. ಸರಿಯಾಗಿ ₹50,000 ಆದರೆ ಬೇಕಿಲ್ಲ, ಅದನ್ನು ದಾಟಿದರೆ ಬೇಕು. ಇಷ್ಟು ಭಾಗ ತಮ್ಮ ಸಿಬ್ಬಂದಿಗೆ ಗೊತ್ತಿದೆ. ಅದೇ ನಿಯಮದ ಮುಂದಿನ ಭಾಗ ಅವರಿಗೆ ಗೊತ್ತಿಲ್ಲ, ಅಥವಾ ಬೇಡವಾಗಿದೆ: ಪ್ಯಾನ್ ಇಲ್ಲದ ವ್ಯಕ್ತಿ ಫಾರಂ 60ರಲ್ಲಿ ಘೋಷಣೆ ಕೊಟ್ಟು ಅದೇ ವ್ಯವಹಾರ ಮಾಡಬಹುದು. ಇದು ಶಾಖೆ ತೋರಿಸುವ ರಿಯಾಯಿತಿಯಲ್ಲ, ನಿಯಮದಲ್ಲೇ ಇರುವ ದಾರಿ. ಕಂಪನಿಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಈ ದಾರಿ ಇಲ್ಲ. ನಮ್ಮ ಖಾತೆದಾರರು ಅವೆರಡೂ ಅಲ್ಲ.

ಫಾರಂ ತುಂಬುವುದೂ ಕಷ್ಟದ ಕೆಲಸವಲ್ಲ. ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ವಿಳಾಸ, ಜಮೆಯ ಮೊತ್ತ ಮತ್ತು ದಿನಾಂಕ, ನಗದೋ ಚೆಕ್ಕೋ ಎಂಬುದು, ಆಧಾರ್ ಸಂಖ್ಯೆ. ಕೌಂಟರಿನಲ್ಲಿ ಸಾಮಾನ್ಯವಾಗಿ ಎಡವುವುದು 22ನೇ ಕಲಮಿನಲ್ಲಿ. ಪ್ಯಾನ್‌ಗೆ ಅರ್ಜಿ ಹಾಕದವರು ಆ ವರ್ಷದ ಅಂದಾಜು ಆದಾಯವನ್ನು ಅಲ್ಲಿ ಎರಡು ಭಾಗ ಮಾಡಿ ಬರೆಯಬೇಕು: ಕೃಷಿ ಆದಾಯ ಬೇರೆ, ಉಳಿದದ್ದು ಬೇರೆ. ತೆರಿಗೆ ಮಿತಿಗೆ ಹೋಲಿಸಿ ನೋಡಬೇಕಾದ್ದು ಎರಡನೆಯದನ್ನು ಮಾತ್ರ. ನಮ್ಮ ಖಾತೆದಾರರ ಕೃಷಿ ಆದಾಯ ಸುಮಾರು ₹2,40,000, ಬೇರೆ ಆದಾಯವೆಂದರೆ ತಮ್ಮದೇ ಶಾಖೆ ಕೊಡುವ ಸುಮಾರು ₹4,000 ಬಡ್ಡಿ. ಅವರ ವಯಸ್ಸಿನವರಿಗೆ 2024-25ರಲ್ಲಿ ತೆರಿಗೆ ಇಲ್ಲದ ಮಿತಿ ₹3,00,000. ಕೃಷಿಯೇತರ ಆದಾಯ ಅದನ್ನು ದಾಟಿದ್ದರೆ ಮಾತ್ರ ಮೊದಲು ಪ್ಯಾನ್‌ಗೆ ಅರ್ಜಿ ಹಾಕಿ ಅದರ ಸ್ವೀಕೃತಿ ಸಂಖ್ಯೆ ಬರೆಯಬೇಕಿತ್ತು. ಕೃಷಿ ಆದಾಯ ಹತ್ತು ಲಕ್ಷವಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

"ಅಕೌಂಟ್ ತೆರೆದಾಗಲೇ ಫಾರಂ 60 ಕೊಟ್ಟಿದ್ದೀರಲ್ಲ" ಎಂದೂ ಒಬ್ಬರು ಹೇಳಿದರಂತೆ. ಅದು ಖಾತೆ ತೆರೆಯುವುದಕ್ಕೆ ಕೊಟ್ಟದ್ದು. ಈ ಫಾರಂನಲ್ಲಿ ವ್ಯವಹಾರದ ಮೊತ್ತಕ್ಕೂ ದಿನಾಂಕಕ್ಕೂ ಕಲಮು ಇದೆ, ಹಾಗಾಗಿ ಈ ಜಮೆಗೆ ಬೇರೆಯದೇ ಬೇಕು.

ಹಾಗಾದರೆ "ನಡೆಯಲ್ಲ" ಎಂಬ ಮಾತು ಎಲ್ಲಿಂದ ಬಂತು? ನಮಗೆ ತೋಚುವುದು ಎರಡು ಗೊಂದಲ. 26-05-2022ರಿಂದ ಜಾರಿಯಾದ ನಿಯಮ 114ಬಿಬಿ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ ನಗದು ಜಮೆ ಒಟ್ಟು ₹20 ಲಕ್ಷ ಮುಟ್ಟಿದರೆ ಪ್ಯಾನ್ ಅಥವಾ ಆಧಾರ್ ಬೇಕೇ ಬೇಕು, ಅಲ್ಲಿ ಫಾರಂ 60 ಸಾಲದು. ಆಗ ಬಂದ ಸೂಚನೆಯನ್ನು ದಿನದ ₹50,000 ಮಿತಿಗೂ ಅಂಟಿಸಿಕೊಂಡಂತಿದೆ. ಎರಡನೆಯದು ನಗದು ಜಮೆ ಯಂತ್ರ. ಪ್ಯಾನ್ ಜೋಡಿಸದ ಖಾತೆಗೆ ಹಲವು ಬ್ಯಾಂಕುಗಳ ಯಂತ್ರ ₹49,900ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಯಂತ್ರಕ್ಕೆ ಸಹಿ ಮಾಡಿದ ಘೋಷಣೆ ಕೊಡಲಾಗದು. ಯಂತ್ರದ ಈ ಮಿತಿ ಕೌಂಟರಿನಲ್ಲಿ ಕುಳಿತ ಮನುಷ್ಯರಿಗೆ ಅನ್ವಯಿಸುವುದಿಲ್ಲ.

ಇನ್ನು ಮೂರು ದಿನಕ್ಕೆ ಹಂಚಿ ಕಟ್ಟುವ ಸಲಹೆ. ನಮಗೆ ಹೆಚ್ಚು ಕಳವಳ ತಂದದ್ದು ಇದೇ. ನಗದಿಗೆ ಯಾರ ಗುರುತೂ ಇಲ್ಲ. ದೊಡ್ಡ ಮೊತ್ತ ಬ್ಯಾಂಕಿಗೆ ಬರುವ ಆ ಒಂದು ಕ್ಷಣದಲ್ಲಿ ಅದನ್ನು ಒಬ್ಬ ವ್ಯಕ್ತಿಯ ಹೆಸರಿಗೆ, ಅವರು ಹೇಳಿದ ಆದಾಯಕ್ಕೆ ಕಟ್ಟಿಹಾಕುವುದಕ್ಕೆಂದೇ ಈ ನಿಯಮ ಇರುವುದು. ಪ್ಯಾನ್ ಇದ್ದರೆ ಆ ಸಂಖ್ಯೆಯ ಮೂಲಕ, ಇಲ್ಲದಿದ್ದರೆ ಫಾರಂ 60ರ ಮೂಲಕ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ ಫಾರಂಗಳ ವಿವರವನ್ನು ಬ್ಯಾಂಕು ಅಕ್ಟೋಬರ್ 31ರೊಳಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದನ್ನು ಏಪ್ರಿಲ್ 30ರೊಳಗೆ ಫಾರಂ 61ರಲ್ಲಿ ಇಲಾಖೆಗೆ ಸಲ್ಲಿಸಬೇಕು. ಮೂಲ ಫಾರಂಗಳನ್ನು ಆರು ವರ್ಷ ಕಾಪಾಡಬೇಕು. ಈಗ 49,000, ಮತ್ತೆ 49,000, ಕೊನೆಗೆ 14,000 ಎಂದು ಕಟ್ಟಿಸಿಕೊಂಡರೆ ಏನಾಗುತ್ತದೆ? ಹಣ ಅಷ್ಟೂ ಖಾತೆಗೆ ಬಂತು, ಪ್ಯಾನೂ ಇಲ್ಲ, ಘೋಷಣೆಯೂ ಇಲ್ಲ. ಉಳಿತಾಯ ಖಾತೆಗಳಲ್ಲಿ ವರ್ಷದ ನಗದು ಜಮೆ ₹10 ಲಕ್ಷ ಮುಟ್ಟಿದರೆ ಹೋಗುವ ವರದಿಗೂ ಇದು ಸಿಗುವಷ್ಟು ದೊಡ್ಡದಲ್ಲ. ಕಾವಲಿಗೆ ನಿಂತವರೇ ಬೇಲಿಯ ಸಂದು ತೋರಿಸಿದಂತಾಯಿತು. ಮೇಲಾಗಿ, ಮಿತಿಗಿಂತ ತುಸು ಕಡಿಮೆ ಮೊತ್ತವನ್ನು ದಿನದಿನವೂ ಕಟ್ಟುವುದು ಅನುಮಾನಾಸ್ಪದ ವ್ಯವಹಾರದ ಲಕ್ಷಣವೆಂದು ಬ್ಯಾಂಕುಗಳೇ ಗುರುತಿಸುತ್ತವೆ. ಅಂದರೆ ಮುಚ್ಚಿಡಲು ಏನೂ ಇಲ್ಲದ ವೃದ್ಧೆಯನ್ನು ಮುಚ್ಚಿಡುವವರಂತೆ ಕಾಣಿಸುವ ಸಲಹೆ ಇದು.

ಮಗನ ಪ್ಯಾನ್ ಹಾಕುವುದು ಇನ್ನೂ ಕೆಟ್ಟದ್ದು. ತಾಯಿಯ ಕೊಬ್ಬರಿಯ ಹಣ ಮಗನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಸುಳ್ಳೆಂದು ತಿಳಿದೂ ತಪ್ಪು ಪ್ಯಾನ್ ನಮೂದಿಸಿದರೆ ಕಲಂ 272ಬಿ ಅಡಿ ₹10,000 ದಂಡವಿದೆ.

ಹಣದ ಮೂಲದ ಬಗ್ಗೆ ಎದ್ದ ಪ್ರಶ್ನೆಗೂ ಉತ್ತರ ಕೊಡುತ್ತೇವೆ. ವ್ಯಾಪಾರಿ ಬರೆದುಕೊಟ್ಟ ಚೀಟಿಯ ನಕಲು ಲಗತ್ತಿಸಿದೆ. ಕೃಷಿಕರಿಂದ ನೇರವಾಗಿ ಬೆಳೆ ಕೊಳ್ಳುವಾಗ ₹2 ಲಕ್ಷಕ್ಕಿಂತ ಕಡಿಮೆ ನಗದು ಕೊಡಲು ಅಡ್ಡಿ ಇಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯೇ 2017ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಸ್ಪಷ್ಟನೆ ಮಾರಾಟಕ್ಕೆ ಸಂಬಂಧಿಸಿದ್ದು, ಅದನ್ನು ತೋರಿಸಿ ಜಮೆಗೂ ವಿನಾಯಿತಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಜಮೆಗೆ ಫಾರಂ 60 ಕೊಡಲು ಸಿದ್ಧರಿದ್ದೇವೆ.

ಆದ್ದರಿಂದ, ಭರ್ತಿ ಮಾಡಿ ಸಹಿ ಹಾಕಿದ ಫಾರಂ 60ನ್ನು ಆಧಾರ್ ನಕಲಿನೊಂದಿಗೆ ಪಡೆದು ₹1,12,000ವನ್ನು ಒಂದೇ ಚಲನ್‌ನಲ್ಲಿ ಜಮೆ ಮಾಡಿಕೊಳ್ಳಬೇಕು. ಪ್ಯಾನ್ ಇಲ್ಲದವರು ಅದರ ಬದಲು ಆಧಾರ್ ಸಂಖ್ಯೆಯನ್ನೇ ನಮೂದಿಸಲು 01-09-2019ರಿಂದ ಕಾನೂನಿನಲ್ಲಿ ಅವಕಾಶವಿದೆ. ತಮ್ಮ ವ್ಯವಸ್ಥೆಯಲ್ಲಿ ಅದೇ ಸುಲಭವಾದರೆ ಅದಕ್ಕೂ ಖಾತೆದಾರರು ಒಪ್ಪಿದ್ದಾರೆ. ಖಾಲಿ ಫಾರಂಗಳನ್ನು ಕೌಂಟರಿನಲ್ಲಿ ಚಲನ್‌ಗಳ ಪಕ್ಕದಲ್ಲೇ ಇಡಬೇಕು, ಹಂಚಿ ಕಟ್ಟುವಂತೆ ಹೇಳುವುದನ್ನು ನಿಲ್ಲಿಸಬೇಕು. ಇಷ್ಟಾದ ಮೇಲೂ ಜಮೆ ಆಗದು ಎಂಬುದೇ ತಮ್ಮ ತೀರ್ಮಾನವಾದರೆ, ಯಾವ ನಿಯಮದ ಪ್ರಕಾರ ಎಂದು ಬರಹದಲ್ಲಿ ತಿಳಿಸಿ.

30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆ, 2021ರ ಅಡಿ cms.rbi.org.in ಮೂಲಕ ಇದೇ ಪತ್ರವನ್ನು ಲಗತ್ತುಗಳೊಂದಿಗೆ ಸಲ್ಲಿಸುತ್ತೇವೆ. ಈ ಪತ್ರ ತಲುಪಿದ್ದಕ್ಕೆ ದಿನಾಂಕ ಮತ್ತು ಮೊಹರಿನೊಂದಿಗೆ ಸ್ವೀಕೃತಿ ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಖಾತೆದಾರರ ಪರವಾಗಿ ತೆರಿಗೆ ಸಲಹೆಗಾರರು

ಲಗತ್ತು: ಖಾತೆದಾರರ ಒಪ್ಪಿಗೆ ಪತ್ರ, ಭರ್ತಿ ಮಾಡಿದ ಫಾರಂ 60, ಆಧಾರ್ ನಕಲು, ಕೊಬ್ಬರಿ ಮಾರಾಟದ ಚೀಟಿಯ ನಕಲು