ಹಾಲಿನ ಪ್ರಯೋಗಾಲಯದಿಂದ ತರಬೇತಿ ಕೋಣೆಗೆ

ಮೂರು ದಿನಗಳಿಂದ ಗೆಳೆಯರಿಗೂ ಸಹೋದ್ಯೋಗಿಗಳಿಗೂ ಮೊಬೈಲ್‌ನಲ್ಲಿ ತುಂಡು ತುಂಡಾಗಿ ಕಳುಹಿಸುತ್ತಿದ್ದ ಸಂತೋಷದ ಸುದ್ದಿಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಹಾಲು ಶೀತಲೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ 11 ವರ್ಷ ದುಡಿದು ಕಳೆದ ಶನಿವಾರ ಹೊರಬಂದೆ. ಸೋಮವಾರದಿಂದ ಹಳ್ಳಿಗಳ ಸಹಕಾರ ಸಂಘಗಳಲ್ಲಿರುವ ಹಾಲು ಪರೀಕ್ಷಕರಿಗೆ ತರಬೇತಿ ಕೊಡುವ ಕೆಲಸ.

ಈ ಕೆಲಸವನ್ನು ನಾನು ಬಯಸುವಂತೆ ಮಾಡಿದ್ದು ಒಂದು ಏಪ್ರಿಲ್ ತಿಂಗಳ ಬೆಳಗು. ಆಗ ನಾನು ಸೇರಿ ಎರಡೇ ತಿಂಗಳಾಗಿತ್ತು. ಒಂದು ಮಾರ್ಗದ ಸಂಘಗಳಿಂದ ಲಾರಿಯಲ್ಲಿ ಬಂದ ಹಾಲಿನ ಮಾದರಿಯಲ್ಲಿ ಜಿಡ್ಡು ಶೇ. 4.1, ಜಿಡ್ಡೇತರ ಘನಾಂಶ ಶೇ. 8.5 ಇತ್ತು. ಎರಡೂ ಸರಿಯಾಗಿದ್ದವು. ಸ್ವೀಕರಿಸಬಹುದು ಎಂದು ಬರೆಯಲು ಹೊರಟಾಗ ನಮ್ಮ ಹಿರಿಯ ಕೆಮಿಸ್ಟ್ ಸರ್ ತಡೆದರು. ಪರೀಕ್ಷಾ ನಳಿಕೆಗೆ 5 ಮಿ.ಲೀ. ಹಾಲು ಹಾಕಿಸಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಡಿಸಿದರು. ಅಲುಗಾಡಿಸದೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದಾಗ ಗಾಜಿನ ಒಳಬದಿಗೆ ರವೆಯಂಥ ಸಣ್ಣ ಕಣಗಳು ಅಂಟಿಕೊಂಡಿದ್ದವು. ಹಾಲು ಹುಳಿಯಾಗತೊಡಗಿತ್ತು. ಅಷ್ಟು ಹುಳಿ ಜಿಡ್ಡಿನ ಅಂಕಿಯಲ್ಲಿ ಕಾಣುವುದಿಲ್ಲ, ಎಷ್ಟೋ ಸಲ ಮೂಗಿಗೂ ತಿಳಿಯುವುದಿಲ್ಲ. ಕಾಯಿಸಿದಾಗ ಮಾತ್ರ ಹಾಲು ಒಡೆಯುತ್ತದೆ. ಅಷ್ಟರಲ್ಲಿ ಅದು ಟ್ಯಾಂಕಿಗೆ ಸೇರಿದ್ದರೆ ಉಳಿದ ಒಳ್ಳೆಯ ಹಾಲಿಗೂ ಕುತ್ತು.

ಸರ್ ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಕ್ಯಾನ್‌ನಿಂದ ಬೇರೆ ಬೇರೆ ಮಾದರಿ ತೆಗೆಸಿದರು. ಒಡೆದದ್ದು ಒಂದೇ ಸಂಘದ ಎರಡು ಕ್ಯಾನ್‌ಗಳ ಹಾಲು. ಮರುದಿನ ಆ ಊರಿಗೆ ಹೋದೆವು. ಕ್ಯಾನ್‌ಗಳ ಒಳಗು ಕನ್ನಡಿಯಂತೆ ಹೊಳೆಯುತ್ತಿತ್ತು. ಸರ್ ಮುಚ್ಚಳದ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿದರು. ಅದರ ಅಡಿಯಲ್ಲಿ ಹಳದಿಗಟ್ಟಿದ ಹಳೆಯ ಹಾಲಿನ ಪದರ. ಬೇಸಿಗೆಯ ಸೆಕೆಯಲ್ಲಿ ಹಾಲನ್ನು ಹುಳಿ ಮಾಡಲು ಅಷ್ಟು ಸಾಕು.

ಅಲ್ಲಿನ ಹಾಲು ಪರೀಕ್ಷಕಿ ಅಕ್ಕ ಕಣ್ಣೀರು ಹಾಕಿಕೊಂಡರು. “ದಿನಾಲೂ ಬಿಸಿನೀರು, ಸೋಡಾ ಹಾಕಿ ಉಜ್ಜುತ್ತೇನೆ ಮೇಡಂ. ಇದನ್ನು ಬಿಚ್ಚಿ ತೊಳೆಯಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ,” ಎಂದರು. ತಪ್ಪು ಅವರದಾಗಿರಲಿಲ್ಲ. ಕಲಿಸಬೇಕಾದವರು ನಾವು, ಕಲಿಸಿರಲಿಲ್ಲ. ಆ ಮಾತು ಇಷ್ಟು ವರ್ಷ ನನ್ನೊಳಗೆ ಕುಳಿತಿತ್ತು.

ಕೆಮಿಸ್ಟ್ ಸರ್, ನೀವು ನಿವೃತ್ತರಾದ ಮೇಲೂ ನಳಿಕೆಯನ್ನು ಬೆಳಕಿಗೆ ಹಿಡಿದಾಗಲೆಲ್ಲ ನಿಮ್ಮ ನೆನಪಾಗಿದೆ. ಸಂದರ್ಶನಕ್ಕೆ ಓದಲೆಂದು ನನ್ನ ರಾತ್ರಿ ಪಾಳಿಗಳನ್ನು ವಹಿಸಿಕೊಂಡ ಇಬ್ಬರು ತಂಗಿಯರಿಗೆ, ನಸುಕಿನಲ್ಲೇ ಕ್ಯಾನ್ ಇಳಿಸುತ್ತ “ಮಾದರಿ ತೆಗೆದುಕೊಳ್ಳಿ ಮೇಡಂ” ಎಂದು ತಾವಾಗಿಯೇ ಕಾಯುತ್ತಿದ್ದ ಲಾರಿ ಚಾಲಕರಿಗೆ, ಐದು ಗಂಟೆಗೆ ಬುತ್ತಿ ಕಟ್ಟಿ ಕಳುಹಿಸಿದ ಅತ್ತೆಗೆ ನಾನು ಋಣಿ.

ಆ ಅಕ್ಕ ಈಗಲೂ ಅದೇ ಸಂಘದಲ್ಲಿದ್ದಾರೆ. ಸುದ್ದಿ ತಿಳಿಸಲು ನಿನ್ನೆ ಫೋನ್ ಮಾಡಿದ್ದೆ. ಮೊದಲ ತರಗತಿಗೆ ಹಳೆಯ ಕ್ಯಾನ್ ಮುಚ್ಚಳವೊಂದನ್ನು, ಉಂಗುರ ಬಿಚ್ಚದೆ, ತಾವೇ ತಂದುಕೊಡುವುದಾಗಿ ಹೇಳಿದ್ದಾರೆ.