ಫ್ರಿಜ್‌ನಲ್ಲಿ ತೆರೆದಿಟ್ಟ ಚೀಸ್: ಇಂದು ರಾತ್ರಿ 9ರೊಳಗೆ ನೋಡಿ

ಎಲ್ಲರಿಗೂ ನಮಸ್ಕಾರ. ನಾವೆಲ್ಲ ಬಳಸುವ ಫ್ರಿಜ್‌ನ ಬಾಗಿಲಲ್ಲಿ ಚೀಸ್ ಸ್ಲೈಸ್‌ನ ಎರಡು ಪ್ಯಾಕ್, ಚೀಸ್ ಸ್ಪ್ರೆಡ್‌ನ ಒಂದು ಡಬ್ಬಿ ತೆರೆದೇ ಇವೆ. ಯಾರದ್ದೋ ಅವರು ಇಂದು ರಾತ್ರಿ 9ರೊಳಗೆ ನೋಡಿಬಿಡಿ.

ಒಂದು ಪ್ಯಾಕಿನ ಪ್ಲಾಸ್ಟಿಕ್ ಒಳಗೆ ಬೆವರಿದೆ. ಪ್ಯಾಕನ್ನು ಹೊರಗಿಟ್ಟು ಮತ್ತೆ ಒಳಗಿಟ್ಟಾಗ, ಒಳಗಿನ ಗಾಳಿಯ ತೇವ ತಣ್ಣಗಾಗಿ ಹನಿಯಾಗುತ್ತದೆ. ಬರೀ ನೀರಾದರೆ ಒಣ ಟಿಶ್ಯೂನಿಂದ ಒರೆಸಿ, ಬೇರೆ ಡಬ್ಬಿಗೆ ಹಾಕಿ. ಮುಟ್ಟಿದರೆ ಲೋಳೆಯಂತೆ ಜಾರಿದರೆ ಎಸೆಯಿರಿ.

ಇನ್ನೊಂದರ ಅಂಚು ಗಟ್ಟಿಯಾಗಿ, ಕಡುಹಳದಿಗೆ ತಿರುಗಿದೆ. ಅದು ಒಣಗಿದ್ದಷ್ಟೇ, ಕೆಟ್ಟಿದ್ದಲ್ಲ. ವಾಸನೆ ಸರಿಯಿದ್ದರೆ ಅಂಚು ಕತ್ತರಿಸಿ ಉಳಿದದ್ದು ತಿನ್ನಬಹುದು. ಹಸಿರು, ಬಿಳಿ ಬೂಸ್ಟಿನ ಚುಕ್ಕೆ ಕಂಡರೆ ಮಾತ್ರ ಆ ಪ್ಯಾಕ್ ಪೂರ್ತಿ ಕಸಕ್ಕೆ.

ಸ್ಪ್ರೆಡ್‌ಗೆ ಹುಳಿ ವಾಸನೆ ಬಂದಿದೆ, ಅದನ್ನು ರುಚಿ ನೋಡಲೂ ಬೇಡಿ. ಮೆತ್ತಗಿನ, ನೀರಿನಂಶ ಹೆಚ್ಚಿರುವ ಚೀಸಿನಲ್ಲಿ ಮೇಲಿನ ಪದರ ತೆಗೆದರೂ ಸೂಕ್ಷ್ಮಾಣುಗಳು ಒಳಗೆ ಹರಡಿರಬಹುದು. ಸಾಮಾನ್ಯವಾಗಿ ಕಾರಣ ಬ್ರೆಡ್ ಚೂರು ಅಂಟಿದ ಚಾಕುವನ್ನೇ ಮತ್ತೆ ಅದ್ದುವುದು.

ಇನ್ನು ಮುಂದೆ ಬಾಗಿಲಲ್ಲಿ ಇಡಬೇಡಿ, ಪದೇ ಪದೇ ತೆರೆಯುವುದರಿಂದ ಅಲ್ಲಿ ಬಿಸಿ ಹೆಚ್ಚು. ಒಳಗಿನ ಶೆಲ್ಫ್‌ನಲ್ಲಿ, 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಇಡಿ. ಬಿಗಿ ಮುಚ್ಚಳದ ಡಬ್ಬಿ, ಒಣ ಚಾಕು. ಮುಚ್ಚಳದ ಮೇಲೆ ತೆರೆದ ದಿನಾಂಕ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಎಂಬುದು ಲೇಬಲ್ಲಿನಲ್ಲೇ ಇರುತ್ತದೆ, ಎಕ್ಸ್‌ಪೈರಿ ದಿನಾಂಕ ಮುಚ್ಚಿದ ಪ್ಯಾಕಿಗೆ ಮಾತ್ರ.

ನಿಮ್ಮದಾದರೆ ಇಲ್ಲೇ "ನನ್ನದು" ಎಂದು ಹಾಕಿ. 9ರವರೆಗೆ ಯಾರೂ ಹೇಳದಿದ್ದರೆ ಮೂರನ್ನೂ ತೆಗೆದುಹಾಕುತ್ತೇನೆ.