ನಕಲಿ ಎಚ್‌ಆರ್ ಖಾತೆಯನ್ನು ತೆಗೆದರೆ ಸಾಲದು, ಅದರ ಜೊತೆ ಮಾತಾಡಿದವರಿಗೂ ತಿಳಿಸಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ವೃತ್ತಿಪರ ಸಂಪರ್ಕ ಜಾಲತಾಣ, ಭಾರತ ವಿಭಾಗ

ವಿಷಯ: ನಿಮ್ಮ ತಾಣದಲ್ಲಿ ನಕಲಿ ನೇಮಕಾತಿದಾರರು ‘ಆನ್‌ಬೋರ್ಡಿಂಗ್’ ಹೆಸರಿನಲ್ಲಿ ಗುರುತಿನ ದಾಖಲೆ ಮತ್ತು ಬ್ಯಾಂಕ್ ವಿವರ ಪಡೆಯುತ್ತಿರುವ ಬಗ್ಗೆ.

ಮಾನ್ಯರೇ,

ಒಂದು ಐಟಿ ಸೇವಾ ಕಂಪನಿಯ ಟ್ಯಾಲೆಂಟ್ ಅಕ್ವಿಸಿಷನ್ ವಿಭಾಗದವರು ಎಂದು ಹೇಳಿಕೊಂಡಿದ್ದ ಖಾತೆಯೊಂದರ ವಿರುದ್ಧ ಈ ದೂರು. ಖಾತೆಯ ಕೊಂಡಿ, ಸಂದೇಶಗಳ ಸ್ಕ್ರೀನ್‌ಶಾಟ್, ಕೆಲಸದ ಜಾಹೀರಾತಿನ ಕೊಂಡಿ ಎಲ್ಲವನ್ನೂ ಲಗತ್ತಿಸಿದ್ದೇವೆ. ಮೋಸಹೋದ ಅಭ್ಯರ್ಥಿಯ ವಿಷಯ ತಿಳಿಯುವ ಮೊದಲೇ ನಾವು ಮೊದಲ ಸಲ ‘ರಿಪೋರ್ಟ್’ ಒತ್ತಿದಾಗ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ ಎಂದು ಎರಡು ದಿನದ ಮೇಲೆ ನಿಮ್ಮ ಉತ್ತರ ಬಂತು. ಅದಾಗಿ ಒಂಬತ್ತು ದಿನಕ್ಕೆ ಖಾತೆ ಕಾಣೆಯಾಯಿತು. ತೆಗೆದಿರಿ, ಒಳ್ಳೆಯದು. ನಮ್ಮ ತಕರಾರು ಶುರುವಾಗುವುದು ಅಲ್ಲಿಂದಾಚೆಗೆ.

ನಾವು ಬೆಂಗಳೂರಿನಲ್ಲಿ ನೇಮಕಾತಿ, ಪೇರೋಲ್ ಮತ್ತು ಹಿನ್ನೆಲೆ ಪರಿಶೀಲನೆಯ ಕೆಲಸ ಮಾಡುವವರು. ಮೋಸಹೋದ ಅಭ್ಯರ್ಥಿಯ ಒಪ್ಪಿಗೆ ಪಡೆದು, ಅವರ ಹೆಸರು ಬಿಟ್ಟು ಬರೆಯುತ್ತಿದ್ದೇವೆ.

ನಡೆದದ್ದು ಹೀಗೆ. ದಾವಣಗೆರೆ ಕಡೆಯ ಬಿ.ಕಾಂ ಪದವೀಧರೆಯೊಬ್ಬರು ಮನೆಯಿಂದಲೇ ಮಾಡುವ ಪೇರೋಲ್ ಸಹಾಯಕ ಹುದ್ದೆಗೆ ನಿಮ್ಮ ತಾಣದಲ್ಲೇ ಅರ್ಜಿ ಹಾಕಿದರು. ಅದೇ ದಿನ ಇನ್‌ಬಾಕ್ಸ್‌ಗೆ ಸಂದೇಶ ಬಂತು. ಸಂಜೆ ಚಾಟ್‌ನಲ್ಲೇ ಹನ್ನೆರಡು ನಿಮಿಷದ ‘ಸಂದರ್ಶನ’. ಮರುದಿನ ಆಫರ್ ಲೆಟರ್ ಬಂತು, ಜೊತೆಗೆ ಒಂದು ಫಾರಂ: ಆಧಾರ್‌ನ ಎರಡೂ ಬದಿ, ಪ್ಯಾನ್, ಫೋಟೋ, ಬಿಳಿ ಹಾಳೆಯ ಮೇಲೆ ಸಹಿ, ಹಳೆಯ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್. ಮೂರನೆಯ ದಿನ, ‘ಕಂಪನಿಯ ಸಂಬಳದ ಖಾತೆ ಬೇರೆ ಬ್ಯಾಂಕ್‌ನಲ್ಲಿದೆ, ಈಗಲೇ ಆನ್‌ಲೈನ್‌ನಲ್ಲಿ ತೆರೆಯಿರಿ’ ಎಂಬ ಸೂಚನೆ. ಐದನೆಯ ದಿನ ‘ಹಾಜರಾತಿ ಆ್ಯಪ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು .apk ಕಡತ. ಅದಾದ ಮೇಲೆ ಎಚ್‌ಆರ್ ಮೌನ. ಮೂರು ವಾರ ಕಳೆದು ಅವರ ಕೈಗೆ ಬಂದದ್ದು ಬೇರೆ ರಾಜ್ಯದ ಸೈಬರ್ ಠಾಣೆಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಡಿ ವಿಚಾರಣೆಗೆ ಹಾಜರಾಗಿ ಎನ್ನುವ ನೋಟಿಸ್. ಒಂದೇ ಭಾನುವಾರ ಆ ಹೊಸ ಖಾತೆಗೆ ಹತ್ತೊಂಬತ್ತು ಯುಪಿಐ ಜಮೆಯಾಗಿ 4,62,000 ರೂಪಾಯಿ ಬಂದು, ಸಂಜೆಯೊಳಗೆ ಹೊರಗೆ ಹೋಗಿತ್ತು. ಅವರ ಸ್ವಂತ ಖಾತೆಯಿಂದ ಒಂದು ಪೈಸೆಯೂ ಹೋಗಿಲ್ಲ. ಹೀಗಾಗಿ ಪೊಲೀಸ್ ಕಡತದಲ್ಲಿ ಅವರು ಸಂತ್ರಸ್ತೆಯಲ್ಲ, ಹಣ ಸಾಗಿಸಿದ ಖಾತೆಯ ಒಡತಿ.

ಇದನ್ನು ‘ದಾಖಲೆ ಕಳವು’ ಎಂದಷ್ಟೇ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಆಧಾರ್, ಪ್ಯಾನ್ ಪ್ರತಿಗಳು ನಿಜವಾದ ಕಂಪನಿಗೂ ಬೇಕು. ಟಿಡಿಎಸ್‌ಗೆ ಪ್ಯಾನ್ ಬೇಕು, ಪಿಎಫ್‌ನ ಫಾರಂ 11ಕ್ಕೆ ಆಧಾರ್, ಹಿಂದಿನ ಯುಎಎನ್ ಬೇಕು, ಸಂಬಳಕ್ಕೆ ಖಾತೆ ಸಂಖ್ಯೆ ಬೇಕು. ‘ದಾಖಲೆ ಕೇಳಿದರೆ ಮೋಸ’ ಎಂದು ನಿಮ್ಮ ಸಹಾಯ ಪುಟ ಹೇಳುವುದು ಈ ಕಾರಣಕ್ಕೇ ಕೆಲಸಕ್ಕೆ ಬರುವುದಿಲ್ಲ. ವ್ಯತ್ಯಾಸವಿರುವುದು ಕೇಳುವ ಹೊತ್ತಿನಲ್ಲಿ ಮತ್ತು ದಾರಿಯಲ್ಲಿ. ನಮ್ಮ ಕೆಲಸದಲ್ಲಿ ಆಫರ್ ಒಪ್ಪಿದ ಮೇಲೆ ಹಿನ್ನೆಲೆ ಪರಿಶೀಲನೆ, ಅದಕ್ಕೆ ಅಭ್ಯರ್ಥಿಯ ಲಿಖಿತ ಸಮ್ಮತಿ. ಬ್ಯಾಂಕ್ ವಿವರ ಸಾಮಾನ್ಯವಾಗಿ ಸೇರುವ ಹೊತ್ತಿಗೆ, ಕಂಪನಿಯ ಪೋರ್ಟಲ್‌ನಲ್ಲಿ. ಡಿಜಿಲಾಕರ್ ಮೂಲಕ ದಾಖಲೆ ಪಡೆಯುವ ಸಂಸ್ಥೆಗಳೂ ಇವೆ. ಅಲ್ಲಿ ಅಭ್ಯರ್ಥಿಯೇ ಡಿಜಿಲಾಕರ್‌ನ ಸರ್ಕಾರಿ ಪುಟದಲ್ಲಿ ಒಟಿಪಿ ಹಾಕುತ್ತಾರೆ, ಆ ಅಂಕಿಯನ್ನು ಬಾಯಿಬಿಟ್ಟು ಯಾರಿಗೂ ಹೇಳಬೇಕಾಗಿಲ್ಲ. ಹೊಸ ಖಾತೆಯೇ ಬೇಕೆನ್ನುವ ಕಂಪನಿಗಳು ಇರಬಹುದು. ಆದರೆ ಆ ಖಾತೆಯ ನೆಟ್‌ಬ್ಯಾಂಕಿಂಗ್ ಯೂಸರ್ ಐಡಿ ಯಾವ ಪೇರೋಲ್ ಗುಮಾಸ್ತನಿಗೂ ಬೇಕಿಲ್ಲ. ಸಂಬಳ ಹಾಕಲು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಾಕು.

ಇನ್ನು ಬ್ಯಾಂಕ್ ಖಾತೆಯ ವಿಚಾರ. ಮೋಸಗಾರ ಆಧಾರ್ ಪ್ರತಿ ಹಿಡಿದು ತಾನೇ ಖಾತೆ ತೆರೆಯದೆ ಅಭ್ಯರ್ಥಿಯ ಕೈಯಿಂದಲೇ ತೆರೆಸುವುದೇಕೆ? ಆಧಾರ್ ಒಟಿಪಿಯೊಂದರಿಂದಲೇ, ಮುಖ ನೋಡದೆ ತೆರೆದ ಖಾತೆಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಅದರಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬಾಕಿ ಇರುವಂತಿಲ್ಲ, ಹಣಕಾಸು ವರ್ಷದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ. ಹಣ ಸಾಗಿಸುವವರಿಗೆ ಇದು ಯಾವ ಮೂಲೆಗೂ ಸಾಲದು. ಆನ್‌ಲೈನ್‌ನಲ್ಲೇ ಮಿತಿ ಹೋಗಬೇಕೆಂದರೆ ಬ್ಯಾಂಕ್ ಅಧಿಕಾರಿಯ ಜೊತೆ ವಿಡಿಯೊ ಕೆವೈಸಿ ಆಗಬೇಕು. ಅಲ್ಲಿ ಜೀವಂತ ಮುಖ, ಕೈಯಲ್ಲಿ ಪ್ಯಾನ್, ಸ್ಥಳದ ಮಾಹಿತಿ, ಹಠಾತ್ ಪ್ರಶ್ನೆಗಳು ಎಲ್ಲ ಇರುತ್ತವೆ. ಅದಕ್ಕೆ ಸಾಚಾ ಮನುಷ್ಯರೇ ಬೇಕು. ಲಗತ್ತಿಸಿದ ಚಾಟ್‌ನಲ್ಲಿ ಆ ‘ಎಚ್‌ಆರ್’ ಬರೆದ ಸಾಲು ನೋಡಿ: ‘ಬ್ಯಾಂಕಿನವರು ಯಾಕೆ ಖಾತೆ ಅಂದರೆ ಸಂಬಳಕ್ಕೆ ಅನ್ನಿ ಮೇಡಂ, ನನ್ನ ಹೆಸರು ಹೇಳಬೇಡಿ, ಪ್ರೊಸೆಸ್ ಲೇಟ್ ಆಗುತ್ತೆ.’ ಕೆಲಸ ಸಿಕ್ಕಿತೆಂದು ನಂಬಿದವರು ಆ ಮಾತನ್ನು ಹುಸಿನಗೆಯಿಲ್ಲದೆ ಹೇಳುತ್ತಾರೆ, ಬ್ಯಾಂಕಿನವರಿಗೂ ಅನುಮಾನ ಬರುವುದಿಲ್ಲ.

ಉಳಿದದ್ದು ಬ್ಯಾಂಕ್ ಕಳಿಸುವ ಒಟಿಪಿಯ ಎಸ್‌ಎಂಎಸ್. ಅದು ಅಭ್ಯರ್ಥಿಯ ಮೊಬೈಲ್‌ಗೇ ಬರುತ್ತದೆ. ‘ಹಾಜರಾತಿ ಆ್ಯಪ್’ ಬಂದದ್ದು ಅದಕ್ಕೆ. ಪ್ಲೇಸ್ಟೋರ್ ಬಿಟ್ಟು ಹೊರಗಿನಿಂದ ಹಾಕಿಸಿ, ಎಸ್‌ಎಂಎಸ್ ಓದುವ ಅನುಮತಿ ಕೇಳಿ, ಬಂದ ಒಟಿಪಿಯನ್ನೆಲ್ಲ ಇನ್ನೊಂದು ಕಡೆಗೆ ಕಳಿಸುತ್ತದೆ. ಹಾಜರಾತಿ ಹಾಕಲು ಸ್ಥಳದ ಅನುಮತಿ ಬೇಕಾಗಬಹುದು, ಸಂದೇಶ ಓದುವ ಅನುಮತಿ ಏಕೆ ಬೇಕು?

ಹಾಗಾದರೆ ನಿಮ್ಮ ಪಾಲೇನು? ವಾಟ್ಸ್‌ಆ್ಯಪ್‌ನಲ್ಲಿ ನಡೆದದ್ದನ್ನು ನೀವು ನೋಡಲಾರಿರಿ, ಒಪ್ಪುತ್ತೇವೆ. ಆದರೆ ನಂಬಿಕೆ ಹುಟ್ಟಿದ್ದು ನಿಮ್ಮ ಅಂಗಳದಲ್ಲಿ. ಆ ಖಾತೆ ತನ್ನ ಉದ್ಯೋಗದಾತ ಎಂದು ಕಂಪನಿಯ ಹೆಸರು ಆರಿಸಿಕೊಂಡ ಕೂಡಲೇ ಕಂಪನಿಯ ಪುಟದ ಉದ್ಯೋಗಿಗಳ ಪಟ್ಟಿಯಲ್ಲಿ ಬಂದು ಕೂತಿತು. ಕಂಪನಿ ಹೌದೆನ್ನಲಿಲ್ಲ, ನೀವೂ ಕೇಳಲಿಲ್ಲ. ಹೆಸರಿನ ಪಕ್ಕದ ‘ದೃಢೀಕೃತ’ ಗುರುತು ಹೇಳುತ್ತಿದ್ದದ್ದು ಮೊಬೈಲ್ ಸಂಖ್ಯೆ ಪರೀಕ್ಷಿಸಿದ್ದೇವೆ ಎಂದಷ್ಟೇ. ಅದನ್ನು ತಿಳಿಯಲು ಗುರುತಿನ ಮೇಲೆ ಒತ್ತಿ ಒಳಗೆ ಹೋಗಿ ಓದಬೇಕು. ಕೆಲಸಕ್ಕಾಗಿ ಆರು ತಿಂಗಳಿಂದ ಅಲೆಯುತ್ತಿರುವವರು ಅದನ್ನು ‘ಈಕೆ ಈ ಕಂಪನಿಯವಳು’ ಎಂದೇ ಓದುತ್ತಾರೆ.

ಆಫರ್ ಬಂದ ಇಮೇಲ್‌ನ ವಿಳಾಸ ಕಂಪನಿಯ ಹೆಸರಿಗೆ ಅಡ್ಡಗೆರೆ ಹಾಕಿ ‘careers’ ಸೇರಿಸಿದ್ದಾಗಿತ್ತು. ಕೆಲವರು ಇಮೇಲ್‌ನ ತಲೆಬರಹ ತೆರೆದು ಎಸ್‌ಪಿಎಫ್, ಡಿಕೆಐಎಂ ಪಾಸ್ ಆಗಿದೆಯೇ ನೋಡಿ ಎನ್ನುತ್ತಾರೆ. ಇಲ್ಲಿ ಎರಡೂ ಪಾಸ್ ಆಗಿದ್ದವು, ಏಕೆಂದರೆ ಆ ನಕಲಿ ಡೊಮೈನ್‌ನ ಮಾಲೀಕ ಮೋಸಗಾರನೇ. ಆ ಪರೀಕ್ಷೆ ಹೇಳುವುದು ಪತ್ರ ಆ ಡೊಮೈನ್‌ನಿಂದಲೇ ಬಂತು ಎಂದಷ್ಟೇ, ಡೊಮೈನ್ ಯಾರದ್ದು ಎಂದಲ್ಲ. ಉಪಯೋಗಕ್ಕೆ ಬಂದದ್ದು ಡೊಮೈನ್ ನೋಂದಣಿಯ ದಿನ: ಆಫರ್‌ಗೆ ಹದಿನೇಳು ದಿನ ಮುಂಚೆ. ಇದನ್ನು ನೋಡಲು ಯಾರಿಗಾದರೂ ಒಂದು ನಿಮಿಷ ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ನಕಲಿ ಎಚ್‌ಆರ್ ಖಾತೆಯನ್ನು ನೀವು ತೆಗೆದುಹಾಕಿದ ದಿನ ಅಭ್ಯರ್ಥಿಯ ಇನ್‌ಬಾಕ್ಸ್‌ನಲ್ಲಿ ಆದ ಬದಲಾವಣೆ ಒಂದೇ. ಹೆಸರು, ಫೋಟೋ ಹೋಗಿ ‘ಸದಸ್ಯ’ ಎಂಬ ಪದ ಉಳಿಯಿತು. ಎಚ್‌ಆರ್ ಕಂಪನಿ ಬಿಟ್ಟಿರಬೇಕು ಎಂದು ಅವರು ಸುಮ್ಮನಾದರು. ನಿಮಗೆ ಅದು ನಕಲಿ ಎಂದು ಗೊತ್ತಾದ ದಿನಕ್ಕೂ ಆ ಭಾನುವಾರಕ್ಕೂ ನಡುವೆ ಐದು ದಿನ ಇತ್ತು. ಅಷ್ಟರಲ್ಲಿ ಬ್ಯಾಂಕಿಗೆ ಫೋನ್ ಮಾಡಿದ್ದರೆ ಖಾತೆ ಮುಚ್ಚುತ್ತಿತ್ತು. ಆ ಜಾಹೀರಾತಿನ ಕೆಳಗೆ ನೂರಕ್ಕೂ ಹೆಚ್ಚು ಅರ್ಜಿ ಎಂದು ನಿಮ್ಮ ತಾಣವೇ ತೋರಿಸುತ್ತಿತ್ತು. ಅವರಲ್ಲಿ ಎಷ್ಟು ಜನರ ಹೆಸರಿನಲ್ಲಿ ಇಂತಹ ಖಾತೆ ಈಗಲೂ ತೆರೆದಿದೆಯೋ ತಿಳಿಯುವ ದಾರಿ ನಮಗಿಲ್ಲ. ಆ ಪಟ್ಟಿ ಇರುವುದು ನಿಮ್ಮ ಬಳಿ ಮಾತ್ರ.

ಅವರು ತಾವಾಗಿ ಹುಡುಕಿಕೊಳ್ಳುವುದೂ ಸುಲಭವಿಲ್ಲ. ಕ್ರೆಡಿಟ್ ವರದಿಯಲ್ಲಿ ಸಾಲ ಕಾಣುತ್ತದೆ, ಉಳಿತಾಯ ಖಾತೆ ಕಾಣುವುದಿಲ್ಲ. ಆಧಾರ್ ತಾಣದ ಬ್ಯಾಂಕ್ ಜೋಡಣೆ ಪುಟ ತೋರಿಸುವುದು ಸಬ್ಸಿಡಿಗೆ ಜೋಡಿಸಿದ ಒಂದೇ ಬ್ಯಾಂಕನ್ನು. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅಪರಿಚಿತ ಬ್ಯಾಂಕಿನ ಬಡ್ಡಿ ಕಾಣಿಸಬಹುದು, ಆದರೆ ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಆದ್ದರಿಂದ ನಾವು ಕೇಳುವುದು ಇದು. ನೇಮಕಾತಿಯ ಸೋಗಿನ ಖಾತೆಯನ್ನು ತೆಗೆದ ದಿನವೇ, ಅದು ಸಂದೇಶ ಕಳಿಸಿದ ಮತ್ತು ಅದರ ಜಾಹೀರಾತಿಗೆ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ತಿಳಿಸಿ. ಒಕ್ಕಣೆ ಹೀಗಿರಲಿ:

‘ನೀವು ಮಾತಾಡಿದ ನೇಮಕಾತಿ ಖಾತೆ ನಕಲಿ. ಅವರು ಕೊಟ್ಟ ಆ್ಯಪ್ ಹಾಕಿದ್ದರೆ ಮೊದಲು ಫೋನಿನ ಇಂಟರ್ನೆಟ್ ನಿಲ್ಲಿಸಿ, ಆ್ಯಪ್ ತೆಗೆಯಿರಿ. ಅವರು ಹೇಳಿ ತೆರೆಸಿದ ಬ್ಯಾಂಕ್ ಖಾತೆ ಇದ್ದರೆ ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ಹಣ ಹೋಗುವುದು ಬರುವುದು ಎರಡನ್ನೂ ತಡೆಹಿಡಿಯಲು ಹೇಳಿ, ದೂರು ಸಂಖ್ಯೆ ಪಡೆಯಿರಿ. ನಂತರ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದೂರು ಹಾಕಿ. ಚಾಟ್ ಅಳಿಸಬೇಡಿ. 16 ಅಂಕಿಯ ವರ್ಚುವಲ್ ಐಡಿ ತೆಗೆದಿಟ್ಟುಕೊಂಡು ಆಧಾರ್ ಸಂಖ್ಯೆಯನ್ನು ಲಾಕ್ ಮಾಡಿ. ಬಯೋಮೆಟ್ರಿಕ್ ಲಾಕ್ ಒಂದರಿಂದ ಒಟಿಪಿ ನಿಲ್ಲುವುದಿಲ್ಲ.’

ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಹುಟ್ಟುಹಬ್ಬಕ್ಕೆ ಶುಭಾಶಯ ಕೋರಿ ಎಂದು ನೆನಪಿಸುವ ವ್ಯವಸ್ಥೆ ನಿಮ್ಮಲ್ಲಿ ಈಗಾಗಲೇ ಇದೆ.

ಇನ್ನೆರಡು ಬೇಡಿಕೆ ಚಿಕ್ಕವು. ಕೆಲಸದ ಜಾಹೀರಾತು ಹಾಕುವವರು ಆ ಕಂಪನಿಯ ಡೊಮೈನ್‌ನ ಇಮೇಲ್‌ಗೆ ಬಂದ ಅಂಕಿ ತುಂಬಿಸಿದ ಮೇಲಷ್ಟೇ ಕಂಪನಿಯ ಹೆಸರು ಬಳಸಲು ಬಿಡಿ. ಬಾಡಿಗೆ ನೇಮಕಾತಿ ಸಂಸ್ಥೆಗಳಿಗೆ ಇದರಿಂದ ತೊಂದರೆಯಾಗುವುದು ನಿಜ, ಅವರು ತಮ್ಮ ಸಂಸ್ಥೆಯ ಹೆಸರಿನಲ್ಲೇ ಹಾಕಲಿ. ಜೊತೆಗೆ ರಿಪೋರ್ಟ್ ಪಟ್ಟಿಯಲ್ಲಿ ‘ದಾಖಲೆ ಅಥವಾ ಬ್ಯಾಂಕ್ ಖಾತೆ ಕೇಳುತ್ತಿದ್ದಾರೆ’ ಎಂಬ ಆಯ್ಕೆ ಇಡಿ. ಈಗಿರುವ ‘ಸ್ಪ್ಯಾಮ್’, ‘ಅಸಭ್ಯ’ ಇವೆರಡರ ನಡುವೆ ಈ ದೂರು ಎಲ್ಲಿಗೂ ಸೇರುವುದಿಲ್ಲ. ಮೊದಲ ಉತ್ತರ ಹಾಗೆ ಬಂದದ್ದಕ್ಕೂ ಅದೇ ಕಾರಣವಿರಬೇಕು.

ಈ ಪ್ರಕರಣದಲ್ಲಿ ಕೂಡಲೇ ಆಗಬೇಕಾದದ್ದು: ತೆಗೆದುಹಾಕಿದ ಖಾತೆಯ ನೋಂದಣಿ ಮಾಹಿತಿ, ಲಾಗಿನ್ ಐಪಿ ವಿಳಾಸಗಳು, ಸಂದೇಶಗಳು ಮತ್ತು ಜಾಹೀರಾತು ಅಳಿಯದಂತೆ ಕಾಯ್ದಿಡಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ತೆಗೆದ ಮಾಹಿತಿಯನ್ನು 180 ದಿನ ಇಡುವುದು ನಿಮ್ಮ ಹೊಣೆ. ಪೊಲೀಸರು ಕೇಳಿದರೆ ಅದಕ್ಕೂ ಹೆಚ್ಚು. ಅಭ್ಯರ್ಥಿ ತಾವು ಮೋಸಹೋದದ್ದೆಂದು ತನಿಖಾಧಿಕಾರಿಗೆ ತೋರಿಸಲು ಈ ದಾಖಲೆ ಬಹಳ ಮುಖ್ಯ. ವಾಟ್ಸ್‌ಆ್ಯಪ್ ಕಡೆಯ ಚಾಟ್‌ನಲ್ಲಿ ಮೋಸಗಾರ ತನ್ನ ಸಂದೇಶಗಳನ್ನು ಆಗಲೇ ಅಳಿಸಿದ್ದಾನೆ. ಕಾಯ್ದಿಟ್ಟಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಿ.

ಈ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಸಂಖ್ಯೆಯನ್ನೂ, ನಿಯಮದ ಅವಧಿಯೊಳಗೆ ಕಾರಣಸಹಿತ ಉತ್ತರವನ್ನೂ ಕೊಡಿ. ಉತ್ತರ ಬಾರದಿದ್ದರೆ ಅಥವಾ ಮೊದಲಿನ ಸಿದ್ಧ ಸಾಲೇ ಮರಳಿ ಬಂದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗುತ್ತೇವೆ. ಈ ಪತ್ರದ ಪ್ರತಿಯನ್ನು ತನಿಖಾಧಿಕಾರಿಗೂ ಕಳಿಸಿದ್ದೇವೆ.

ಇಂತಿ,
ನೇಮಕಾತಿ ಮತ್ತು ಪೇರೋಲ್ ಕೆಲಸದಲ್ಲಿರುವವರು,
ಬೆಂಗಳೂರು

ಲಗತ್ತು: ಖಾತೆ ಮತ್ತು ಜಾಹೀರಾತಿನ ಕೊಂಡಿ, ಸಂದೇಶಗಳ 41 ಸ್ಕ್ರೀನ್‌ಶಾಟ್, ಆಫರ್ ಇಮೇಲ್ ತಲೆಬರಹ ಸಮೇತ, ನಿಮ್ಮ ಮೊದಲ ಉತ್ತರ, ಅಭ್ಯರ್ಥಿಯ ಒಪ್ಪಿಗೆ ಪತ್ರ.